ಎನ್‌ಪಿಎ ಲೆಕ್ಕ ಪರೀಕ್ಷೆಯಲ್ಲಿ ತಪ್ಪದಂತೆ ಮಾಡುವುದು ಹೇಗೆ: ಮೊದಲು ದಿನಾಂಕ, ಆಮೇಲೆ ಭದ್ರತೆ, ಕೊನೆಗೆ ಶೇಕಡಾ

ಪ್ರಮೋಷನ್ ಪರೀಕ್ಷೆಗೆ ಓದುತ್ತಿದ್ದ ನಮ್ಮ ಬ್ರಾಂಚಿನ ಹುಡುಗಿಯೊಬ್ಬಳು ಒಂದು ಸಂಜೆ ರಫ್ ಶೀಟ್ ಹಿಡಿದುಕೊಂಡು ಬಂದಳು. "ಸರ್, ಉತ್ತರ 24 ಲಕ್ಷ ಬರ್ತಿದೆ. ಆಯ್ಕೆಗಳಲ್ಲಿ 24 ಇದೆ. ಆದ್ರೆ ಕೀ ಉತ್ತರದಲ್ಲಿ 34.8 ಅಂತ ಕೊಟ್ಟಿದ್ದಾರೆ." ಶೀಟ್ ನೋಡಿದೆ. 60 ಲಕ್ಷದ ಸಾಲ, ಡೌಟ್‌ಫುಲ್ ಎರಡನೇ ಹಂತ, ಶೇ. 40. ಅರವತ್ತನ್ನು ನಲವತ್ತರಿಂದ ಗುಣಿಸಿ 24 ಬರೆದಿದ್ದಳು. ಶೇಕಡಾ ಸರಿ ಇತ್ತು, ಗುಣಾಕಾರವೂ ಸರಿ ಇತ್ತು. ಆದರೆ ಆ 40ನ್ನು ಯಾವುದರ ಮೇಲೆ ಹಾಕಬೇಕು ಅನ್ನೋದು ತಪ್ಪಿತ್ತು. ಪ್ರಶ್ನೆ ತೆಗೆಯುವವರಿಗೆ ಈ ತಪ್ಪು ಚೆನ್ನಾಗಿ ಗೊತ್ತು. ಅದಕ್ಕೇ 24 ಆಯ್ಕೆಗಳಲ್ಲಿ ಕೂತಿರುತ್ತದೆ.

ಜೆಎಐಐಬಿ, ಸಿಎಐಐಬಿ, ಪ್ರಮೋಷನ್ ಪರೀಕ್ಷೆ, ಯಾವುದನ್ನೇ ತೆಗೆದುಕೊಳ್ಳಿ, ಈ ವಿಷಯದಲ್ಲಿ ಶೇಕಡಾ ಪಟ್ಟಿ ಎಲ್ಲರಿಗೂ ಬಾಯಿಪಾಠ ಇರುತ್ತದೆ. ಅಂಕ ಹೋಗುವುದು ಪಟ್ಟಿಗೆ ಬರುವ ಮೊದಲೇ. ಹಾಗಾಗಿ ನಾನು ಹೇಳಿಕೊಡುವ ಕ್ರಮ ಸ್ವಲ್ಪ ಬೇರೆ. ಖಾತೆ ಯಾವ ದಿನ ಎನ್‌ಪಿಎ ಆಯಿತು ಅಂತ ಮೊದಲು ಬರೆಯಿರಿ. ಲೆಕ್ಕ ಕೇಳಿದ ದಿನಕ್ಕೆ ಅದು ಯಾವ ಹಂತದಲ್ಲಿದೆ ಅಂತ ಆಮೇಲೆ ನೋಡಿ. ಬಾಕಿಯನ್ನು ಭದ್ರತೆ ಇರುವ ಭಾಗ, ಇಲ್ಲದ ಭಾಗ ಅಂತ ಒಡೆಯಿರಿ. ಶೇಕಡಾ ಬರುವುದು ಕೊನೆಗೆ.

ಆ ಹುಡುಗಿಯ ಪ್ರಶ್ನೆಯನ್ನೇ ಹಿಡಿದು ಹೋಗೋಣ. ಒಂದು ಅಕ್ಕಿ ಗಿರಣಿಗೆ ಟರ್ಮ್ ಲೋನ್ ಕೊಟ್ಟಿದ್ದಾರೆ. 2022ರ ಮಾರ್ಚ್ 31ಕ್ಕೆ ಕಟ್ಟಬೇಕಿದ್ದ ಕಂತು ಬರಲಿಲ್ಲ. ಅಲ್ಲಿಂದ ಒಂದು ರೂಪಾಯಿಯೂ ಬಂದಿಲ್ಲ. ಬಾಕಿ 60 ಲಕ್ಷ. ಗಿರಣಿಯ ಜಾಗ, ಕಟ್ಟಡ, ಯಂತ್ರ ಎಲ್ಲ ಸೇರಿ ಮಾರಿದರೆ 42 ಲಕ್ಷ ಬರುತ್ತದೆ. 2025ರ ಮಾರ್ಚ್ 31ಕ್ಕೆ ಬ್ಯಾಂಕ್ ಎಷ್ಟು ಪ್ರಾವಿಷನ್ ಇಡಬೇಕು?

ಹೆಜ್ಜೆ 1: ಎನ್‌ಪಿಎ ಆದ ದಿನ ಯಾವುದು?

ಟರ್ಮ್ ಲೋನಿನ ಅಸಲಿನ ಕಂತಾಗಲಿ ಬಡ್ಡಿಯಾಗಲಿ 90 ದಿನಕ್ಕಿಂತ ಜಾಸ್ತಿ ಓವರ್‌ಡ್ಯೂ ಇದ್ದರೆ ಖಾತೆ ಎನ್‌ಪಿಎ. ಇದು ಎಲ್ಲರಿಗೂ ಗೊತ್ತು. ಎಣಿಕೆ ಎಲ್ಲಿಂದ ಶುರು ಅನ್ನುವಲ್ಲಿ ಗೊಂದಲ.

2021ರ ನವೆಂಬರ್ 12ರ ಸುತ್ತೋಲೆಯಲ್ಲಿ ಆರ್‌ಬಿಐ ಇದನ್ನು ಉದಾಹರಣೆ ಕೊಟ್ಟೇ ಬಗೆಹರಿಸಿದೆ. ಕಂತಿನ ದಿನವೇ ಡೇ ಎಂಡ್ ಪ್ರಕ್ರಿಯೆ ಓಡುವಷ್ಟರಲ್ಲಿ ದುಡ್ಡು ಬಂದಿಲ್ಲ ಅಂದರೆ ಆ ದಿನವೇ ಖಾತೆ ಓವರ್‌ಡ್ಯೂ. ಅಂದರೆ ಕಂತಿನ ದಿನವೂ ಎಣಿಕೆಯಲ್ಲಿ ಸೇರುತ್ತದೆ. ಮಾರ್ಚ್ 31ರ ಕಂತು ತಪ್ಪಿದರೆ ಅಂದೇ ಎಸ್‌ಎಂಎ-0. ಏಪ್ರಿಲ್ 30ರ ಡೇ ಎಂಡ್‌ಗೆ ಎಸ್‌ಎಂಎ-1. ಮೇ 30ಕ್ಕೆ ಎಸ್‌ಎಂಎ-2. ಜೂನ್ 29ಕ್ಕೆ ಎನ್‌ಪಿಎ. ಜೂನ್ 30 ಅಲ್ಲ, ಜುಲೈ 1 ಕೂಡ ಅಲ್ಲ.

ರಫ್ ಶೀಟಿನಲ್ಲಿ ಸುಲಭವಾಗಿ ಮಾಡಬೇಕೆಂದರೆ ಕಂತಿನ ದಿನಾಂಕಕ್ಕೆ 90 ಸೇರಿಸಿ. ಬರುವ ದಿನಾಂಕವೇ ಎನ್‌ಪಿಎ ದಿನ. ತಿಂಗಳಿಗೆ ಎಷ್ಟು ದಿನ ಅನ್ನೋದನ್ನು ಮಾತ್ರ ನಿಜವಾದ ಕ್ಯಾಲೆಂಡರಿನ ಪ್ರಕಾರ ಹಿಡಿಯಿರಿ. "ಮೂರು ತಿಂಗಳು" ಅಂತ ಸುಮ್ನೆ ಹಾಕಿಬಿಟ್ಟರೆ ತಪ್ಪುತ್ತದೆ.

ಇದು ಎಲ್ಲಿ ಕುತ್ತು ತರುತ್ತದೆ ನೋಡಿ. 2024ರ ಜನವರಿ 5ರ ಕಂತು ತಪ್ಪಿದೆ ಅಂದುಕೊಳ್ಳಿ. 2024ರ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಈ ಖಾತೆ ಏನು? ಜನವರಿಯಲ್ಲಿ ಉಳಿದ 26 ದಿನ, ಫೆಬ್ರವರಿಯ 29, ಮಾರ್ಚಿನ 31. ಒಟ್ಟು 86. ಇನ್ನೂ ನಾಲ್ಕು ದಿನ ಬೇಕು. ಏಪ್ರಿಲ್ 4ಕ್ಕೆ ಎನ್‌ಪಿಎ. ಹಾಗಾದರೆ ಮಾರ್ಚ್ 31ಕ್ಕೆ ಅದು ಎಸ್‌ಎಂಎ-2, ಅಂದರೆ ಇನ್ನೂ ಸ್ಟ್ಯಾಂಡರ್ಡ್ ಆಸ್ತಿಯೇ. ಅದೇ ಕಂತು ಜನವರಿ 1ರದ್ದಾಗಿದ್ದರೆ 30, 29, 31 ಸೇರಿ ಸರಿಯಾಗಿ 90 ಆಗುತ್ತಿತ್ತು. ಮಾರ್ಚ್ 31ರಂದೇ ಎನ್‌ಪಿಎ. ನಾಲ್ಕು ದಿನದ ವ್ಯತ್ಯಾಸಕ್ಕೆ ಆ ವರ್ಷದ ಪ್ರಾವಿಷನ್ ಪೂರ್ತಿ ಬದಲಾಗುತ್ತದೆ. ಎಸ್‌ಎಂಎ-2 ಅನ್ನುವ ಹೆಸರು ಕೇಳಿ ಕೆಲವರು ಅದಕ್ಕೂ ಶೇ. 15 ಹಾಕುತ್ತಾರೆ. ಹಾಗೆ ಮಾಡಬೇಡಿ.

ನಮ್ಮ ಗಿರಣಿಯ ಎನ್‌ಪಿಎ ದಿನ 2022ರ ಜೂನ್ 29. ಇದನ್ನು ಶೀಟಿನ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ.

ಗಿರಣಿಗೆ ಟರ್ಮ್ ಲೋನ್ ಬದಲು ಸಿಸಿ ಖಾತೆ ಇದ್ದಿದ್ದರೆ? ಅಲ್ಲಿ ಕಂತು ಅನ್ನೋದೇ ಇಲ್ಲ. ಹಾಗಾಗಿ "ಔಟ್ ಆಫ್ ಆರ್ಡರ್" ಅನ್ನುವ ಪರೀಕ್ಷೆ. ಮೂರರಲ್ಲಿ ಒಂದು ಆದರೂ ಸಾಕು. ಬಾಕಿಯು ಲಿಮಿಟ್ ಅಥವಾ ಡ್ರಾಯಿಂಗ್ ಪವರ್ ದಾಟಿ ಸತತ 90 ದಿನ ನಿಂತಿರಬೇಕು. ಇಲ್ಲವೇ ಸತತ 90 ದಿನ ಖಾತೆಗೆ ಏನೂ ಜಮಾ ಆಗಿರಬಾರದು. ಇಲ್ಲವೇ ಹಿಂದಿನ 90 ದಿನಗಳಲ್ಲಿ ಹಾಕಿದ ಬಡ್ಡಿಯಷ್ಟೂ ಜಮಾ ಬಂದಿರಬಾರದು.

ಪರೀಕ್ಷೆಯಲ್ಲಿ ಕೇಳುವುದು ಈ ಮೂರನೆಯದನ್ನು. 10 ಲಕ್ಷದ ಲಿಮಿಟ್, 9 ಲಕ್ಷದ ಬಾಕಿ. ಲಿಮಿಟ್ ಒಳಗೇ ಇದೆ. ಖಾತೆಗೆ ಜಮಾ ಕೂಡ ಆಗಿದೆ, 20,000. ನೋಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಆದರೆ 90 ದಿನದಲ್ಲಿ ಹಾಕಿದ ಬಡ್ಡಿ 27,000. ಜಮಾ ಬಡ್ಡಿಗಿಂತ ಕಡಿಮೆ. ಖಾತೆ ಔಟ್ ಆಫ್ ಆರ್ಡರ್, ಅಂದರೆ ಎನ್‌ಪಿಎ. "ಲಿಮಿಟ್ ಒಳಗಿದೆ" ಅನ್ನುವ ಒಂದು ಸಾಲು ಓದಿ ಸ್ಟ್ಯಾಂಡರ್ಡ್ ಅಂತ ಗುರುತು ಹಾಕಿದವರನ್ನು ನಾನು ಬಹಳ ನೋಡಿದ್ದೇನೆ.

ಬೆಳೆ ಸಾಲದಲ್ಲಿ 90 ದಿನದ ಲೆಕ್ಕ ಇಲ್ಲ. ಅಲ್ಪಾವಧಿ ಬೆಳೆಗೆ ಎರಡು ಬೆಳೆ ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು ಹಂಗಾಮು ಓವರ್‌ಡ್ಯೂ ಇದ್ದರೆ ಎನ್‌ಪಿಎ. ಹಂಗಾಮು ಒಂದು ವರ್ಷಕ್ಕಿಂತ ಉದ್ದ ಇರುವ ಬೆಳೆಯೇ ದೀರ್ಘಾವಧಿ ಬೆಳೆ. ಯಾವ ಬೆಳೆಗೆ ಎಷ್ಟು ಹಂಗಾಮು ಅನ್ನೋದನ್ನು ಆಯಾ ರಾಜ್ಯದ ಎಸ್‌ಎಲ್‌ಬಿಸಿ ಗೊತ್ತು ಮಾಡುತ್ತದೆ. ಪ್ರಶ್ನೆಯಲ್ಲಿ ರೈತ ಅಂತ ಕಂಡ ತಕ್ಷಣ ಹಂಗಾಮಿಗೆ ಹಾರಬೇಡಿ. ರೈತನಿಗೆ ಕೊಟ್ಟ ಗೃಹ ಸಾಲಕ್ಕೆ 90 ದಿನವೇ.

ಫಿಕ್ಸೆಡ್ ಡೆಪಾಸಿಟ್, ಎನ್‌ಎಸ್‌ಸಿ, ಕಿಸಾನ್ ವಿಕಾಸ್ ಪತ್ರ, ಜೀವ ವಿಮಾ ಪಾಲಿಸಿಗಳ ಮೇಲಿನ ಸಾಲ ಸಾಕಷ್ಟು ಮಾರ್ಜಿನ್ ಇರುವವರೆಗೆ ಎನ್‌ಪಿಎ ಆಗಬೇಕಿಲ್ಲ. ಚಿನ್ನದ ಸಾಲಕ್ಕೆ ಈ ರಿಯಾಯಿತಿ ಇಲ್ಲ. ಚಿನ್ನ ಕೈಯಲ್ಲೇ ಇದ್ದರೂ ಸರಿ, 90 ದಿನ ದಾಟಿದರೆ ಎನ್‌ಪಿಎ.

ಇನ್ನೊಂದು ಮಾತು. ಎನ್‌ಪಿಎ ಆಗುವುದು ಸಾಲಗಾರ, ಖಾತೆ ಅಲ್ಲ. ಗಿರಣಿ ಮಾಲೀಕರ ಒಂದೇ ಸಂಸ್ಥೆಯ ಹೆಸರಲ್ಲಿ ಟರ್ಮ್ ಲೋನ್, ಸಿಸಿ ಎರಡೂ ಇದ್ದು, ಸಿಸಿ ಚೆನ್ನಾಗಿ ನಡೆಯುತ್ತಿದ್ದರೂ ಟರ್ಮ್ ಲೋನ್ ಎನ್‌ಪಿಎ ಆದರೆ ಎರಡೂ ಎನ್‌ಪಿಎ. "ಒಟ್ಟು ಎನ್‌ಪಿಎ ಎಷ್ಟು" ಅಂತ ಕೇಳಿದಾಗ ಎರಡರ ಬಾಕಿಯನ್ನೂ ಕೂಡಿಸಬೇಕು.

ಹೆಜ್ಜೆ 2: ಕೇಳಿದ ದಿನಕ್ಕೆ ಯಾವ ಹಂತ?

ಎನ್‌ಪಿಎ ಆದ ದಿನದಿಂದ 12 ತಿಂಗಳು ಸಬ್‌ಸ್ಟ್ಯಾಂಡರ್ಡ್. ಆಮೇಲೆ ಡೌಟ್‌ಫುಲ್. ಡೌಟ್‌ಫುಲ್‌ನ ಮೊದಲ ಒಂದು ವರ್ಷ ಡಿ1, ನಂತರದ ಎರಡು ವರ್ಷ ಡಿ2, ಅದರಾಚೆಗೆ ಡಿ3.

ಎಲ್ಲರೂ ಎಡವುವುದು ಇಲ್ಲೇ. "ಒಂದರಿಂದ ಮೂರು ವರ್ಷ ಡಿ2" ಅಂತ ಓದಿರುತ್ತಾರೆ. ಆ ಒಂದು, ಮೂರು ಎಣಿಸುವುದು ಡೌಟ್‌ಫುಲ್ ಆದ ದಿನದಿಂದ, ಎನ್‌ಪಿಎ ಆದ ದಿನದಿಂದಲ್ಲ. ಎನ್‌ಪಿಎ ದಿನದಿಂದ ಎಣಿಸುವುದಾದರೆ ಡಿ1 ಎರಡನೇ ವರ್ಷ, ಡಿ2 ಮೂರು ಮತ್ತು ನಾಲ್ಕನೇ ವರ್ಷ, ಡಿ3 ನಾಲ್ಕು ವರ್ಷ ಮುಗಿದ ಮೇಲೆ. ಪ್ರಶ್ನೆಯಲ್ಲಿ "ಎನ್‌ಪಿಎ ಆಗಿ ಮೂರೂವರೆ ವರ್ಷ" ಅಂತಿದ್ದರೆ ಅದು ಡಿ2. "ಡೌಟ್‌ಫುಲ್ ಆಗಿ ಮೂರೂವರೆ ವರ್ಷ" ಅಂತಿದ್ದರೆ ಡಿ3. ಒಂದೇ ಪದ, ಉತ್ತರ ಬೇರೆ.

ಗಿರಣಿಗೆ ಹಾಕಿ ನೋಡೋಣ. ಎನ್‌ಪಿಎ 29-6-2022. ಡೌಟ್‌ಫುಲ್ ಶುರು 29-6-2023. ಡಿ2 ಶುರು 29-6-2024. ಡಿ3 ಶುರು 29-6-2026. ಪ್ರಶ್ನೆ ಕೇಳಿದ ದಿನ 31-3-2025. ಹಾಗಾಗಿ ಡಿ2.

ಹಂತ ಹೀಗೆ ಕಾಲದಿಂದ ಮಾತ್ರ ಗೊತ್ತಾಗುತ್ತದೆ ಅಂತ ತಿಳಿಯಬೇಡಿ. ಭದ್ರತೆ ಕುಸಿದರೆ ಮೆಟ್ಟಿಲು ಹಾರಿ ಕೆಳಗೆ ಹೋಗುವ ನಿಯಮ ಇದೆ. ಅದಕ್ಕೆ ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

ಹೆಜ್ಜೆ 3: ಬಾಕಿಯನ್ನು ಒಡೆಯಿರಿ, ಆಮೇಲೆ ಶೇಕಡಾ ಹಾಕಿ

ಸಬ್‌ಸ್ಟ್ಯಾಂಡರ್ಡ್‌ಗೂ ಡೌಟ್‌ಫುಲ್‌ಗೂ ಲೆಕ್ಕದ ರೀತಿಯೇ ಬೇರೆ. ಇದನ್ನು ಮನಸ್ಸಿಗೆ ಹಚ್ಚಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಸಬ್‌ಸ್ಟ್ಯಾಂಡರ್ಡ್‌ನಲ್ಲಿ ಒಡೆಯುವುದೇ ಇಲ್ಲ. ಪೂರ್ತಿ ಬಾಕಿಯ ಮೇಲೆ ಶೇ. 15. ಭದ್ರತೆ 42 ಲಕ್ಷ ಇರಲಿ, 55 ಲಕ್ಷ ಇರಲಿ, ಇಸಿಜಿಸಿ ಗ್ಯಾರಂಟಿ ಇರಲಿ, ಏನನ್ನೂ ಕಳೆಯುವಂತಿಲ್ಲ. ಕೊಟ್ಟಾಗಲೇ ಭದ್ರತೆ ಇಲ್ಲದೆ ಕೊಟ್ಟ ಸಾಲಕ್ಕೆ ಇನ್ನೂ 10 ಸೇರಿ ಶೇ. 25. ಭದ್ರತೆ ಇಲ್ಲದ ಸಾಲ ಅಂದರೆ ಆರಂಭದಿಂದಲೇ ಭದ್ರತೆಯ ಬೆಲೆ ಬಾಕಿಯ ಶೇ. 10ನ್ನು ದಾಟದೆ ಇರುವಂಥದ್ದು. ಇಲ್ಲಿ "ಆರಂಭದಿಂದಲೇ" ಅನ್ನೋದು ಮುಖ್ಯ. ಮೊದಲು ಭದ್ರತೆ ಇದ್ದು ಆಮೇಲೆ ಕರಗಿದ ಸಾಲ ಈ ಗುಂಪಿಗೆ ಬರುವುದಿಲ್ಲ.

ಡೌಟ್‌ಫುಲ್‌ನಲ್ಲಿ ಒಡೆಯಲೇಬೇಕು. ಭದ್ರತೆಯಿಂದ ಬರಬಹುದಾದ ಮೊತ್ತ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಭದ್ರತೆ ಇಲ್ಲದ ಕಡೆಗೆ ಯಾವ ಹಂತವಾದರೂ ಶೇ. 100. ಭದ್ರತೆ ಇರುವ ಕಡೆಗೆ ಡಿ1ರಲ್ಲಿ ಶೇ. 25, ಡಿ2ರಲ್ಲಿ ಶೇ. 40, ಡಿ3ರಲ್ಲಿ ಶೇ. 100. ಲಾಸ್ ಅಸೆಟ್ ಆದರೆ ಪೂರ್ತಿ ಬಾಕಿಗೆ ಶೇ. 100.

ಗಿರಣಿಯ ಲೆಕ್ಕ ಈಗ ಹೀಗೆ:

```
ಬಾಕಿ                        60.0
ಭದ್ರತೆ ಇರುವ ಭಾಗ     42.0 × 40%  = 16.8
ಭದ್ರತೆ ಇಲ್ಲದ ಭಾಗ    18.0 × 100% = 18.0
ಪ್ರಾವಿಷನ್ (ಲಕ್ಷ ರೂ.)              34.8
```

ಹುಡುಗಿ ಶೀಟ್ ನೋಡಿ ಒಂದು ನಿಮಿಷ ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಹಾಗಾದ್ರೆ 40 ಅನ್ನೋದು ಸಾಲಕ್ಕಲ್ಲ, ಗಿರಣಿಗೆ ಅಲ್ವಾ ಸರ್?" ಸರಿಯಾಗಿ ಹೇಳಿದಳು. ಡೌಟ್‌ಫುಲ್‌ನಲ್ಲಿ 25, 40 ಎಂಬ ಅಂಕಿಗಳು ಕೈಯಲ್ಲಿರುವ ಭದ್ರತೆಗೆ ಅಂಟಿಕೊಂಡಿವೆ. ಕಾಲ ಕಳೆದಷ್ಟೂ ಹಳೆ ಯಂತ್ರ, ವ್ಯಾಜ್ಯದ ಕಟ್ಟಡ ಮಾರಿ ದುಡ್ಡು ತರುವ ಭರವಸೆ ಕಮ್ಮಿ ಆಗುತ್ತಾ ಹೋಗುತ್ತದೆ. ಅದಕ್ಕೇ ಶೇಕಡಾ ಏರುತ್ತದೆ. ಭದ್ರತೆಯೇ ಇಲ್ಲದ ಭಾಗಕ್ಕೆ ಕಾಯಲು ಏನೂ ಇಲ್ಲ. ಡೌಟ್‌ಫುಲ್ ಆದ ದಿನವೇ ಪೂರ್ತಿ ಹೋಯಿತು ಅಂತ ಲೆಕ್ಕ.

ಇದೇ ಗಿರಣಿಯನ್ನು ಪ್ರತಿ ಮಾರ್ಚ್ 31ಕ್ಕೂ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಬಾಕಿ, ಭದ್ರತೆಯ ಬೆಲೆ ಎರಡೂ ಬದಲಾಗಿಲ್ಲ ಅಂತಿಟ್ಟುಕೊಳ್ಳಿ.

| ಮಾರ್ಚ್ 31 | ಹಂತ | ಇರಬೇಕಾದ ಪ್ರಾವಿಷನ್ (ಲಕ್ಷ) | ಆ ವರ್ಷ ಸೇರಿಸಬೇಕಾದ್ದು (ಲಕ್ಷ) |
|---|---|---|---|
| 2023 | ಸಬ್‌ಸ್ಟ್ಯಾಂಡರ್ಡ್ | 9.0 | 9.0 |
| 2024 | ಡಿ1 | 28.5 | 19.5 |
| 2025 | ಡಿ2 | 34.8 | 6.3 |
| 2026 | ಡಿ2 | 34.8 | 0 |
| 2027 | ಡಿ3 | 60.0 | 25.2 |

ಕೊನೆಯ ಎರಡು ಕಾಲಂಗಳನ್ನು ಬೇರೆ ಬೇರೆ ಇಟ್ಟಿದ್ದೇನೆ, ಗಮನಿಸಿ. "31-3-2025ಕ್ಕೆ ಪ್ರಾವಿಷನ್ ಎಷ್ಟಿರಬೇಕು" ಅಂದರೆ 34.8. "2024-25ರಲ್ಲಿ ಲಾಭದಿಂದ ಎಷ್ಟು ತೆಗೆದಿಡಬೇಕು" ಅಂದರೆ 6.3. ಎರಡೂ ಅಂಕಿ ಆಯ್ಕೆಗಳಲ್ಲಿ ಇರುತ್ತವೆ. ಪ್ರಶ್ನೆಯ ಕೊನೆಯ ಸಾಲನ್ನು ಎರಡು ಸಲ ಓದಿ. (ಸ್ಟ್ಯಾಂಡರ್ಡ್ ಇದ್ದಾಗ ಇಟ್ಟಿದ್ದ ಸಣ್ಣ ಪ್ರಾವಿಷನ್ನನ್ನು ಇಲ್ಲಿ ಬಿಟ್ಟಿದ್ದೇನೆ.)

ಇನ್ನೊಂದು ಸಂಗತಿ ನೋಡಿ. ಕೊನೆಗೆ ಡಿ3ಕ್ಕೆ ಬೀಳುವ 25.2 ಲಕ್ಷ ಬಿಟ್ಟರೆ ದೊಡ್ಡ ಏಟು ಬೀಳುವುದು ಸಬ್‌ಸ್ಟ್ಯಾಂಡರ್ಡ್‌ನಿಂದ ಡಿ1ಕ್ಕೆ ಹೋದಾಗ, 19.5 ಲಕ್ಷ. ಶೇಕಡಾ ನೋಡಿದರೆ 15ರಿಂದ 25ಕ್ಕೆ ಏರಿದ್ದು ಅಷ್ಟೇ. ಆದರೆ 18 ಲಕ್ಷದ ಭದ್ರತೆ ಇಲ್ಲದ ಭಾಗ ಒಂದೇ ಸಲ ಪೂರ್ತಿ ಬಂದು ಕೂತಿತು.

ಭದ್ರತೆ ಕುಸಿದಾಗ

ಈಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸೋಣ. 2023ರ ಮಾರ್ಚ್ 31. ಗಿರಣಿ ಇನ್ನೂ ಸಬ್‌ಸ್ಟ್ಯಾಂಡರ್ಡ್, ಎನ್‌ಪಿಎ ಆಗಿ ಒಂಬತ್ತು ತಿಂಗಳು. ಆದರೆ ಹೋಗಿ ನೋಡಿದರೆ ಯಂತ್ರಗಳೇ ಇಲ್ಲ. ಹಿಂದೆ 42 ಲಕ್ಷ ಅಂತ ಬೆಲೆ ಕಟ್ಟಿದ್ದ ಭದ್ರತೆ ಈಗ 20 ಲಕ್ಷ.

ನಿಯಮ ಹೀಗಿದೆ. ಭದ್ರತೆಯ ಈಗಿನ ಬೆಲೆ, ಬ್ಯಾಂಕ್ ಹಿಂದೆ ಕಟ್ಟಿದ ಅಥವಾ ಆರ್‌ಬಿಐ ಕಳೆದ ತಪಾಸಣೆಯಲ್ಲಿ ಒಪ್ಪಿದ ಬೆಲೆಯ ಶೇ. 50ಕ್ಕಿಂತ ಕೆಳಗೆ ಬಿದ್ದಿದ್ದರೆ ಖಾತೆಯನ್ನು ನೇರವಾಗಿ ಡೌಟ್‌ಫುಲ್‌ಗೆ ಹಾಕಬಹುದು. 12 ತಿಂಗಳು ಕಾಯಬೇಕಿಲ್ಲ. ಭದ್ರತೆಯ ಬೆಲೆ ಬಾಕಿಯ ಶೇ. 10ಕ್ಕಿಂತ ಕಡಿಮೆ ಆಗಿದ್ದರೆ ಭದ್ರತೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೇರ ಲಾಸ್ ಅಸೆಟ್.

50ನ್ನು ಹೋಲಿಸುವುದು ಭದ್ರತೆಯ ಹಳೆ ಬೆಲೆಗೆ. 10ನ್ನು ಹೋಲಿಸುವುದು ಬಾಕಿಗೆ. ಈ ಎರಡನ್ನು ಅದಲುಬದಲು ಮಾಡುವುದೇ ಇಲ್ಲಿನ ತಪ್ಪು. ನಮ್ಮ ಪ್ರಶ್ನೆಯಲ್ಲಿ 42ಕ್ಕೆ 20 ಅಂದರೆ ಸುಮಾರು ಶೇ. 47.6. ಐವತ್ತಕ್ಕಿಂತ ಕಡಿಮೆ. ಬಾಕಿ 60ಕ್ಕೆ 20 ಅಂದರೆ ಶೇ. 33, ಹತ್ತಕ್ಕಿಂತ ಜಾಸ್ತಿ. ಹಾಗಾಗಿ ಡಿ1, ಲಾಸ್ ಅಲ್ಲ. ಪ್ರಾವಿಷನ್ 20ರ ಶೇ. 25 ಅಂದರೆ 5, ಉಳಿದ 40 ಪೂರ್ತಿ. ಒಟ್ಟು 45 ಲಕ್ಷ. ಇದೇ ದಿನಕ್ಕೆ ಮೇಲಿನ ಪಟ್ಟಿಯಲ್ಲಿ ಬರೀ 9 ಲಕ್ಷ ಇತ್ತು.

ಉಳಿದದ್ದು 5 ಲಕ್ಷ ಮಾತ್ರ ಆಗಿದ್ದರೆ? 60ಕ್ಕೆ 5 ಅಂದರೆ ಶೇ. 8.3. ಲಾಸ್ ಅಸೆಟ್. 60 ಲಕ್ಷವೂ ಪ್ರಾವಿಷನ್. ಆ 5 ಲಕ್ಷವನ್ನು ಕಳೆದು 55 ಬರೆಯಬೇಡಿ.

ಇಸಿಜಿಸಿ ಬಂದರೆ ಯಾವುದನ್ನು ಮೊದಲು ಕಳೆಯಬೇಕು?

ರಫ್ತುದಾರನಿಗೆ ಕೊಟ್ಟ ಸಾಲ, ಅಂಕಿಗಳು ಅವೇ ಅಂದುಕೊಳ್ಳಿ. ಬಾಕಿ 60, ಭದ್ರತೆ 42, ಡಿ2, ಇಸಿಜಿಸಿ ಕವರ್ ಶೇ. 50. ಕ್ರಮ ಮುಖ್ಯ. ಮೊದಲು ಭದ್ರತೆ ಕಳೆಯಿರಿ, 18 ಉಳಿಯುತ್ತದೆ. ಕವರ್ ಸಿಗುವುದು ಈ 18ಕ್ಕೆ, ಅಂದರೆ 9. ಉಳಿದ 9ಕ್ಕೆ ಶೇ. 100. ಭದ್ರತೆಯ ಕಡೆಯ 16.8 ಹಾಗೇ ಇರುತ್ತದೆ. ಒಟ್ಟು 25.8 ಲಕ್ಷ.

ಮೊದಲೇ 60ರ ಅರ್ಧ 30 ಕಳೆದುಬಿಟ್ಟರೆ ಉಳಿದದ್ದು 30, ಭದ್ರತೆ 42, ಹಾಗಾಗಿ ಭದ್ರತೆ ಇಲ್ಲದ ಭಾಗವೇ ಇಲ್ಲ ಅನ್ನುವ ತಪ್ಪು ಜಾಗಕ್ಕೆ ತಲುಪುತ್ತೀರಿ. ಇದೇ ಖಾತೆ ಸಬ್‌ಸ್ಟ್ಯಾಂಡರ್ಡ್ ಆಗಿದ್ದರೆ ಈ ಕಸರತ್ತೇ ಬೇಡ. 60ರ ಶೇ. 15, ಅಷ್ಟೇ.

ಇಡೀ ಪೋರ್ಟ್‌ಫೋಲಿಯೊ ಕೊಟ್ಟರೆ

ಸಿಎಐಐಬಿಯಲ್ಲಿ ಒಂದು ಬ್ಯಾಂಕಿನ ಪೂರ್ತಿ ಸಾಲದ ಪಟ್ಟಿ ಕೊಟ್ಟು ನಾಲ್ಕೈದು ಪ್ರಶ್ನೆ ಕೇಳುವುದುಂಟು. ಹೆದರಬೇಕಿಲ್ಲ. ಗಿರಣಿಗೆ ಮಾಡಿದ್ದನ್ನೇ ಸಾಲು ಸಾಲಾಗಿ ಮಾಡುವುದು. ಹೊಸದಾಗಿ ಬರುವುದು ಸ್ಟ್ಯಾಂಡರ್ಡ್ ಸಾಲಗಳ ಪ್ರಾವಿಷನ್. ನೇರ ಕೃಷಿ ಸಾಲ ಮತ್ತು ಸಣ್ಣ ಉದ್ದಿಮೆಗಳಿಗೆ ಶೇ. 0.25. ವಾಣಿಜ್ಯ ರಿಯಲ್ ಎಸ್ಟೇಟ್‌ಗೆ ಶೇ. 1, ಅದರಲ್ಲೇ ವಸತಿ ಯೋಜನೆಗಳಿಗೆ ಶೇ. 0.75. ಉಳಿದ ಸಾಲಗಳಿಗೆ ಸಾಮಾನ್ಯವಾಗಿ ಶೇ. 0.40.

ಕೋಟಿ ರೂಪಾಯಿಗಳಲ್ಲಿ ಒಂದು ಪಟ್ಟಿ ಇದು. ಸ್ಟ್ಯಾಂಡರ್ಡ್ 1,000. ಅದರಲ್ಲಿ ಕೃಷಿ ಮತ್ತು ಸಣ್ಣ ಉದ್ದಿಮೆ 400, ವಾಣಿಜ್ಯ ರಿಯಲ್ ಎಸ್ಟೇಟ್ 100, ಇತರೆ 500. ಸಬ್‌ಸ್ಟ್ಯಾಂಡರ್ಡ್ ಭದ್ರತೆ ಇರುವುದು 40, ಇಲ್ಲದ್ದು 10. ಡಿ1 20, ಭದ್ರತೆ 12. ಡಿ2 10, ಭದ್ರತೆ 5. ಡಿ3 6. ಲಾಸ್ 4.

```
ಸ್ಟ್ಯಾಂಡರ್ಡ್   1.0 + 1.0 + 2.0  =  4.0
ಸಬ್‌ಸ್ಟ್ಯಾಂಡರ್ಡ್  6.0 + 2.5        =  8.5
ಡಿ1          3.0 + 8.0        = 11.0
ಡಿ2          2.0 + 5.0        =  7.0
ಡಿ3                            =  6.0
ಲಾಸ್                           =  4.0
ಒಟ್ಟು                          = 40.5
```

ಇಲ್ಲಿಂದ ಮುಂದಿನ ಪ್ರಶ್ನೆಗಳಲ್ಲಿ ಒಂದೇ ಒಂದು ಬಲೆ ಇದೆ. ನೆಟ್ ಎನ್‌ಪಿಎ ತೆಗೆಯುವಾಗ 40.5 ಕಳೆಯಬಾರದು. ಸ್ಟ್ಯಾಂಡರ್ಡ್ ಸಾಲಕ್ಕೆ ಇಟ್ಟ 4 ಕೋಟಿ ಎನ್‌ಪಿಎಗೆ ಸೇರಿದ್ದಲ್ಲ. ಗ್ರಾಸ್ ಎನ್‌ಪಿಎ 90, ಅದರ ಪ್ರಾವಿಷನ್ 36.5, ನೆಟ್ ಎನ್‌ಪಿಎ 53.5. ಪ್ರಾವಿಷನ್ ಕವರೇಜ್ ಅನುಪಾತ 90ಕ್ಕೆ 36.5, ಸುಮಾರು ಶೇ. 40.6. ಗ್ರಾಸ್ ಎನ್‌ಪಿಎ ಅನುಪಾತಕ್ಕೆ ಭಾಜಕ ಒಟ್ಟು ಸಾಲ 1,090, ಬರುವುದು ಶೇ. 8.26. ನೆಟ್ ಅನುಪಾತಕ್ಕೆ ಭಾಜಕದಿಂದಲೂ 36.5 ಕಳೆಯಬೇಕು. 1,053.5ಕ್ಕೆ 53.5, ಅಂದರೆ ಶೇ. 5.08.

ಮತ್ತೆ ಸ್ಟ್ಯಾಂಡರ್ಡ್ ಆಗುವುದು ಯಾವಾಗ?

ಗಿರಣಿ ಮಾಲೀಕರು ಐದು ಕಂತು ಬಾಕಿ ಇಟ್ಟು, ಎನ್‌ಪಿಎ ಆದ ಮೇಲೆ ಎರಡು ಕಂತು ಕಟ್ಟುತ್ತಾರೆ. ಈಗ ಬಾಕಿ ಇರುವ ಮೂರು ಕಂತುಗಳಲ್ಲಿ ಯಾವುದೂ 90 ದಿನ ದಾಟಿಲ್ಲ. ಖಾತೆ ಸ್ಟ್ಯಾಂಡರ್ಡ್ ಆಯಿತೇ? ಇಲ್ಲ. ಬಡ್ಡಿ, ಅಸಲು ಸೇರಿ ತಡವಾಗಿ ಉಳಿದದ್ದನ್ನೆಲ್ಲ ಪೂರ್ತಿ ಕಟ್ಟಿದರೆ ಮಾತ್ರ ಮೇಲಕ್ಕೆ. ಒಂದಕ್ಕಿಂತ ಹೆಚ್ಚು ಖಾತೆ ಇದ್ದರೆ ಎಲ್ಲ ಖಾತೆಗಳದ್ದೂ ತೀರಬೇಕು. 2021ರ ನವೆಂಬರ್ ಸುತ್ತೋಲೆ ಬರುವ ಮೊದಲು ಕೆಲವು ಕಡೆ ಓವರ್‌ಡ್ಯೂ 90 ದಿನದ ಒಳಗೆ ಬಂದರೆ ಸಾಕು ಅಂತ ಬಿಡುತ್ತಿದ್ದರು. ಹಳೆ ಗೈಡ್‌ಗಳಲ್ಲಿ ಇನ್ನೂ ಹಾಗೇ ಉಳಿದಿರಬಹುದು.

ಹಳೆ ಗೈಡ್ ಬಳಸುವವರು ಇನ್ನೊಂದನ್ನೂ ನೋಡಿಕೊಳ್ಳಿ. 2011ರ ಮೇಗೆ ಮೊದಲು ಸಬ್‌ಸ್ಟ್ಯಾಂಡರ್ಡ್ ಶೇ. 10, ಡಿ1 ಶೇ. 20, ಡಿ2 ಶೇ. 30 ಇತ್ತು. ಹಂಚಿಕೆಯಾಗುತ್ತಾ ಬಂದ ಪ್ರಶ್ನೆಪತ್ರಿಕೆಗಳಲ್ಲಿ ಈ ಅಂಕಿಗಳ ಕೀ ಉತ್ತರ ಸಿಕ್ಕರೆ ನಿಮ್ಮ ಲೆಕ್ಕ ತಪ್ಪಲ್ಲ, ಪ್ರಶ್ನೆ ಹಳೆಯದು. ಮುಂದೆ ಪದ್ಧತಿಯೇ ಬದಲಾಗುವ ದಾರಿಯಲ್ಲೂ ಇದೆ. ನಿರೀಕ್ಷಿತ ನಷ್ಟದ ಆಧಾರದಲ್ಲಿ ಪ್ರಾವಿಷನ್ ಇಡುವ ಕರಡನ್ನು ಆರ್‌ಬಿಐ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿತು. ಹಾಗಾಗಿ ನಿಮ್ಮ ಪರೀಕ್ಷೆಯ ಅಧಿಸೂಚನೆಯಲ್ಲಿ ಯಾವ ದಿನಾಂಕದವರೆಗಿನ ನಿಯಮ ಅಂತ ಹೇಳಿದ್ದಾರೋ ಅದನ್ನು ಹಿಡಿಯಿರಿ.

ಆ ಸಂಜೆ ಹುಡುಗಿಗೆ ಹೋಗುವ ಮೊದಲು ಒಂದು ಲೆಕ್ಕ ಬರೆದುಕೊಟ್ಟೆ. ನೀವೂ ಮಾಡಿ ನೋಡಿ. 25 ಲಕ್ಷ ಬಾಕಿಯ ಪರ್ಸನಲ್ ಲೋನ್, ಯಾವ ಭದ್ರತೆಯೂ ಇಲ್ಲ. 2022ರ ನವೆಂಬರ್ 30ರ ಕಂತು ತಪ್ಪಿದೆ, ಆಮೇಲೆ ಏನೂ ಬಂದಿಲ್ಲ. 2023ರ ಮತ್ತು 2024ರ ಮಾರ್ಚ್ 31ಕ್ಕೆ ಪ್ರಾವಿಷನ್ ಎಷ್ಟು?

ಡಿಸೆಂಬರ್ 31, ಜನವರಿ 31, ಫೆಬ್ರವರಿ 28, ಒಟ್ಟು 90. ಎನ್‌ಪಿಎ ದಿನ 28-2-2023. 2023ರ ಮಾರ್ಚ್‌ಗೆ ಸಬ್‌ಸ್ಟ್ಯಾಂಡರ್ಡ್, ಭದ್ರತೆ ಇಲ್ಲದ್ದು, ಶೇ. 25, ಅಂದರೆ 6.25 ಲಕ್ಷ. 2024ರ ಮಾರ್ಚ್‌ಗೆ 12 ತಿಂಗಳು ದಾಟಿ ಡಿ1. ಡಿ1 ಅಂದ ಕೂಡಲೇ ಕೈ ಮತ್ತೆ ಶೇ. 25 ಬರೆಯಲು ಹೋಗುತ್ತದೆ, ಉತ್ತರ ಬದಲಾಗದೆ 6.25 ಅಂತಲೇ ಬರುತ್ತದೆ. ಆ 25 ಭದ್ರತೆ ಇರುವ ಭಾಗಕ್ಕೆ. ಇಲ್ಲಿ ಆ ಭಾಗವೇ ಸೊನ್ನೆ. ಪ್ರಾವಿಷನ್ 25 ಲಕ್ಷ.